ಕೊಚ್ಚಿ ಕರಾರಿನ ‘ಅಥವಾ’

ಪ್ರಶ್ನೆ: ಕೊಚ್ಚಿಯಲ್ಲಿ ನನ್ನದು ಬಾಡಿಗೆ ಅಂಗಡಿ. ಮಲಯಾಳಂ ಕರಾರಿನ ಅನುವಾದದಲ್ಲಿ ‘60 ದಿನದ ಲಿಖಿತ ನೋಟಿಸ್ ಕೊಡಬೇಕು, ಅಥವಾ ಕೊರತೆಯ ದಿನಗಳ ಬಾಡಿಗೆ ದಂಡ’ ಎಂದಿದೆ. ಎರಡರಲ್ಲೊಂದು ನನ್ನ ಇಷ್ಟವೇ?

ಉತ್ತರ: ಅಲ್ಲ. ನೀವು ಕಳಿಸಿದ ಮೂಲದಲ್ಲಿರುವುದು ‘ಅಥವಾ ನೋಟಿಸ್ ನಲ್ಗಿಯಿಲ್ಲೆಂಗಿಲ್’. ಮಲಯಾಳಂನಲ್ಲಿ ‘ಅಥವಾ’ಕ್ಕೆ ‘ಒಂದು ವೇಳೆ’ ಎಂಬ ಅರ್ಥವೂ ಉಂಟು. ಅನುವಾದಕರು ಪದವನ್ನು ಹಾಗೇ ಎತ್ತಿಟ್ಟು, ‘ಕೊಡದಿದ್ದರೆ’ಯನ್ನು ಕೈಬಿಟ್ಟಿದ್ದಾರೆ. ಸರಳವಾಗಿ ಹೇಳಿದರೆ: ಬಿಡುವ 60 ದಿನ ಮೊದಲು ಮಾಲೀಕರಿಗೆ ಬರೆದು ತಿಳಿಸಲೇಬೇಕು, ಒಂದು ವೇಳೆ ತಡವಾದರೆ, ಕಡಿಮೆ ಬಿದ್ದಷ್ಟು ದಿನದ ಬಾಡಿಗೆ ದಂಡ. ತಿಂಗಳ ಬಾಡಿಗೆ 15,000 ಎನ್ನಿ. 40 ದಿನ ಮೊದಲು ತಿಳಿಸಿದರೆ ಕೊರತೆ 20 ದಿನ, ದಂಡ 10,000. ಬಾಯಿಮಾತು ಲೆಕ್ಕಕ್ಕಿಲ್ಲ, ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. ವ್ಯಾಜ್ಯವಾದರೂ, 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಬರೆದ ಮೊತ್ತ ಮೇಲ್ಮಿತಿ ಮಾತ್ರ. ಕೋರ್ಟು ಅದರೊಳಗೆ ನ್ಯಾಯವೆನಿಸಿದಷ್ಟನ್ನೇ ಕೊಡಿಸುತ್ತದೆ.