ಮೂವತ್ತು ದಾಟಿದ ಮೇಲೆ ಜರ್ಮನಿಗೆ ಓದೋಕೆ ಹೋಗಬಹುದಾ? ವಯಸ್ಸು ಎಲ್ಲಿ ಅಡ್ಡ ಬರುತ್ತೆ, ಎಲ್ಲಿ ಬರಲ್ಲ

ತಿಪಟೂರು: ಬಸ್ ಸ್ಟ್ಯಾಂಡ್ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಈಗ ಪಿವಿಸಿ ಪೈಪಿನ ರೇಟ್ ಪಟ್ಟಿ ಪಕ್ಕದಲ್ಲೇ ಜರ್ಮನಿಯ ಯೂನಿವರ್ಸಿಟಿಯೊಂದರ ಅಡ್ಮಿಶನ್ ಪತ್ರ ಇದೆ. ಅಂಗಡಿ ನೋಡಿಕೊಳ್ಳುತ್ತಿರುವವರಿಗೆ 34 ವರ್ಷ. ಮದುವೆಯಾಗಿದೆ, ಒಂದು ಮಗು. 2013ರಲ್ಲಿ ವಿಟಿಯುನಿಂದ ಸಿವಿಲ್ ಬಿಇ ಮುಗಿಸಿ ಬೆಂಗಳೂರಲ್ಲಿ ನಾಲ್ಕು ವರ್ಷ ಸೈಟ್ ಎಂಜಿನಿಯರ್ ಆಗಿದ್ದರು. 2017ರಲ್ಲಿ ತಂದೆಗೆ ಹಾರ್ಟ್ ಆಪರೇಶನ್ ಆಯ್ತು, ಊರಿಗೆ ಬಂದು ಗಲ್ಲಾ ಮೇಲೆ ಕೂತರು, ಅಲ್ಲಿಂದ ಎದ್ದಿಲ್ಲ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ.

ಇವರ ಕಥೆ ಬರೆಯೋಕೆ ಕಾರಣ, ನಮ್ಮ ತಾಲ್ಲೂಕಲ್ಲಿ ಇದೇ ಪ್ರಶ್ನೆ ಕೇಳೋರು ಜಾಸ್ತಿಯಾಗಿದ್ದಾರೆ. "ವಯಸ್ಸಾಯ್ತು, ಎಂಟು ವರ್ಷ ಗ್ಯಾಪ್ ಇದೆ, ಯಾರು ತಗೋತಾರೆ?" ಅನ್ನೋದು. ನಾನು ಡಿಗ್ರಿಯನ್ನೇ ಅರ್ಧಕ್ಕೆ ಬಿಟ್ಟವನು, ಈ ವಿಷಯದಲ್ಲಿ ಬುದ್ಧಿ ಹೇಳೋ ಅರ್ಹತೆ ನನಗಿಲ್ಲ. ಆದರೆ ಅವರ ಫೈಲನ್ನ ಪುಟ ಪುಟ ನೋಡಿದೆ. ಗೊತ್ತಾಗಿದ್ದು ಇಷ್ಟು: ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ವಯಸ್ಸಿನ ಮಿತಿಯೇ ಇಲ್ಲ. ಆದರೆ ವಯಸ್ಸು ಬೇರೆ ಬೇರೆ ಕಾಗದದ ಒಳಗೆ ಅಡಗಿ ಕೂತಿರುತ್ತೆ.

ಮೊದಲು ಅವರು ಎಡವಿದ್ದು ಎಲ್ಲಿ ಅಂತ ಹೇಳ್ತೀನಿ. ಎಲ್ಲರಂತೆ ಇವರೂ ಡೇಟಾ ಸೈನ್ಸ್ ಅಂತ ಹೊರಟರು. ಯೂನಿ-ಅಸಿಸ್ಟ್ ಅನ್ನೋ ಪೋರ್ಟಲ್ ಮೂಲಕ ನಾಲ್ಕು ಕಡೆ ಅರ್ಜಿ ಹಾಕಿದರು. ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30, ಒಟ್ಟು 165 ಯೂರೋ ಹೋಯ್ತು. ನಾಲ್ಕೂ ರಿಜೆಕ್ಟ್. "ನೋಡಪ್ಪ, ನಾನು ವಯಸ್ಸಿಗೇ ಬೇಡ ಅಂದ್ರು ಅಂದ್ಕೊಂಡೆ" ಅಂದರು. ಪತ್ರ ತೆಗೆದು ನೋಡಿದರೆ ವಯಸ್ಸಿನ ಮಾತೇ ಇಲ್ಲ. ಗಣಿತ ಮತ್ತು ಕಂಪ್ಯೂಟರ್ ವಿಷಯದಲ್ಲಿ ಬೇಕಾದಷ್ಟು ಕ್ರೆಡಿಟ್ ಇಲ್ಲ ಅಂತ ಬರೆದಿದ್ದರು.

ಇದು ಕೆಲಸ ಬದಲಾಯಿಸೋರು ಮೊದಲು ತಿಳಿಯಬೇಕಾದ್ದು. ಅಲ್ಲಿನ ಹೆಚ್ಚಿನ ಮಾಸ್ಟರ್ಸ್ ಕೋರ್ಸ್‌ಗಳು ಹಿಂದಿನ ಡಿಗ್ರಿಯ ಮುಂದುವರಿಕೆ. ಬಿಇಯಲ್ಲಿ ಯಾವ ಪೇಪರ್ ಓದಿದ್ದೀರಿ, ಅದು ಎಷ್ಟು ಕ್ರೆಡಿಟ್‌ಗೆ ಸಮ ಅಂತ ಲೆಕ್ಕ ಹಾಕ್ತಾರೆ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಓದು. ಯೂಟ್ಯೂಬ್ ನೋಡಿ ಕಲಿತದ್ದು, ಆರು ತಿಂಗಳ ಆನ್‌ಲೈನ್ ಕೋರ್ಸ್ ಸರ್ಟಿಫಿಕೇಟು ಸಾಮಾನ್ಯವಾಗಿ ಆ ಲೆಕ್ಕಕ್ಕೆ ಸೇರಲ್ಲ. 24 ವರ್ಷದ ಸಿವಿಲ್ ಹುಡುಗ ಹಾಕಿದ್ದರೂ ಅದೇ ಉತ್ತರ ಬರುತ್ತಿತ್ತು.

ಆಮೇಲೆ ಅವರು ದಾರಿ ಬದಲಿಸಿದರು. ಸಿವಿಲ್‌ನಲ್ಲೇ ಇರುವ ಹೈಡ್ರಾಲಿಕ್ಸ್, ಪರಿಸರ ಎಂಜಿನಿಯರಿಂಗ್ ಪೇಪರ್‌ಗಳಿಗೆ ಹೊಂದುವ, ನೀರಿನ ನಿರ್ವಹಣೆಯ ಕೋರ್ಸ್ ಹುಡುಕಿದರು. ಅಂಗಡಿಯಿಂದ ಅಲ್ಲಿಗೆ ಹೋಗೋದೂ ಕೆಲಸ ಬದಲಾವಣೆಯೇ, ಆದರೆ ಡಿಗ್ರಿ ಪೇಪರ್ ಜೊತೆ ನಂಟು ಕಡಿಯಲ್ಲ.

ಹಳೆ ಮಾರ್ಕ್ಸ್ ಕೂಡ ಬೆನ್ನು ಬಿಡಲ್ಲ. ಇವರದು 63 ಪರ್ಸೆಂಟ್. ಜರ್ಮನಿಯಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸ್. ನೂರರಲ್ಲಿ ನಿಮ್ಮ ಅಂಕ ಕಳೆಯಿರಿ, ಉಳಿದದ್ದು 37. ಪಾಸ್ ಮಾರ್ಕ್ 40 ಅಂತ ಹಿಡಿದರೆ ನೂರಕ್ಕೂ ನಲವತ್ತಕ್ಕೂ ಅಂತರ 60. ಆ 37ನ್ನು 60ರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿದರೆ 2.85. ಕೋರ್ಸಿನವರು 2.5 ಕೇಳಿದರೆ ಇವರು ಹೊರಗೆ, 3.0 ಕೇಳಿದರೆ ಒಳಗೆ. ಹನ್ನೆರಡು ವರ್ಷದ ಅನುಭವ ಇದ್ದರೂ ಆ 63 ಅನ್ನೋದು 63ಆಗೇ ಇರುತ್ತೆ. ಅರ್ಜಿ ಹಾಕೋ ಮುಂಚೆ ಮನೆಯಲ್ಲೇ ಕೂತು ಈ ಲೆಕ್ಕ ಮಾಡಿದರೆ ಫೀಸು ಉಳಿಯುತ್ತೆ.

ಇನ್ನು ಗ್ಯಾಪ್ ವಿಷಯ. ನಮ್ಮ ಅಂಗಡಿಯವರು ಇದನ್ನ ಸ್ವಲ್ಪ ಗಮನಕೊಟ್ಟು ಓದಿ. ಜರ್ಮನ್ ವೀಸಾಗೆ ಕೊಡೋ ಬಯೋಡೇಟಾದಲ್ಲಿ ತಿಂಗಳು, ವರ್ಷ ಹಾಕಿ ಸಾಲಾಗಿ ಬರೆಯಬೇಕು, ನಡುವೆ ಖಾಲಿ ಬಿಡಬಾರದು. ಅಂಗಡಿ ನಡೆಸಿದ್ದು ಅವರ ಕಣ್ಣಿಗೆ ಗ್ಯಾಪ್ ಅಲ್ಲ, ಕೆಲಸ. ಸಮಸ್ಯೆ ಇರೋದು ಸಾಕ್ಷಿಯಲ್ಲಿ. ನಮ್ಮಲ್ಲಿ ಅಂಗಡಿ ಲೈಸೆನ್ಸ್ ಅಪ್ಪನ ಹೆಸರಲ್ಲಿ, ಜಿಎಸ್‌ಟಿ ಅಪ್ಪನ ಹೆಸರಲ್ಲಿ, ಕರೆಂಟ್ ಬಿಲ್ಲೂ ಅಪ್ಪನ ಹೆಸರಲ್ಲಿ. ಮಗ ಬೆಳಿಗ್ಗೆ ಏಳಕ್ಕೆ ಶಟರ್ ಎತ್ತಿ ರಾತ್ರಿ ಒಂಬತ್ತಕ್ಕೆ ಇಳಿಸಿದ್ದರೂ ಕಾಗದದ ಮೇಲೆ ಅವನು ನಿರುದ್ಯೋಗಿ.

ಇವರದ್ದೂ ಹಾಗೇ ಇತ್ತು. 2021ರಲ್ಲಿ ಪಾರ್ಟ್‌ನರ್‌ಶಿಪ್ ಡೀಡ್ ಮಾಡಿಸಿದ್ದರಿಂದ ಅಲ್ಲಿಂದ ಈಚೆಗೆ ತೊಂದರೆ ಇಲ್ಲ. 2017ರಿಂದ 2021ರವರೆಗೆ ಏನೂ ಇಲ್ಲ. ಈ ನಾಲ್ಕು ವರ್ಷಕ್ಕೆ ಅವರು ಜೋಡಿಸಿದ್ದು: ಅಂಗಡಿಯ ಜಿಎಸ್‌ಟಿ ನಂಬರ್ ಇರುವ ಲೆಟರ್‌ಹೆಡ್‌ನಲ್ಲಿ ಮಗ ಏನೇನು ಕೆಲಸ ನೋಡಿಕೊಂಡ ಅಂತ ತಂದೆ ಬರೆದ ಪತ್ರ, ಆಡಿಟರ್ ಕೊಟ್ಟ ಪತ್ರ, ಚೆಕ್‌ಗೆ ಇವರೇ ಸಹಿ ಹಾಕುತ್ತಿದ್ದದ್ದು ತೋರಿಸೋ ಬ್ಯಾಂಕ್ ದಾಖಲೆ, 2019ರಿಂದ ಇವರದೇ ಹೆಸರಲ್ಲಿ ಹಾಕಿದ್ದ ಸಣ್ಣ ಮೊತ್ತದ ಐಟಿ ರಿಟರ್ನ್. ಬರೀ ನೋಟರಿ ಅಫಿಡವಿಟ್ ಒಂದನ್ನೇ ಇಟ್ಟಿದ್ದರೆ ಇಷ್ಟು ಗಟ್ಟಿ ಇರುತ್ತಿರಲಿಲ್ಲ.

ಮೊದಲು ಇವರು ಹೋಗಿದ್ದ ಏಜೆಂಟ್ ಹೇಳಿದ್ದೇ ಬೇರೆ. "ಅಂಗಡಿ ಅಂತ ಹಾಕಬೇಡಿ, ನಗ್ತಾರೆ. ಒಂದು ಕಂಪನಿಯಿಂದ ಎಕ್ಸ್‌ಪೀರಿಯನ್ಸ್ ಲೆಟರ್ ಕೊಡಿಸ್ತೀನಿ" ಅಂತ 15 ಸಾವಿರ ಕೇಳಿದ್ದನಂತೆ. ಅಂಥ ಪತ್ರದ ಜೊತೆ ಪಿಎಫ್ ಇರಲ್ಲ, ಸಂಬಳ ಬ್ಯಾಂಕಿಗೆ ಬಂದಿರಲ್ಲ. ಸಿಕ್ಕಿಬಿದ್ದರೆ ಸುಳ್ಳು ದಾಖಲೆ ಅಂತ ವೀಸಾ ಹೋಗುತ್ತೆ. ಹಿಂದೆ ವೀಸಾ ನಿರಾಕರಿಸಿದರೆ ಕಾನ್ಸುಲೇಟ್‌ಗೇ ಉಚಿತವಾಗಿ ಮರುಪರಿಶೀಲನೆಗೆ ಬರೆಯಬಹುದಿತ್ತು. 2025ರ ಜುಲೈ 1ರಿಂದ ಆ ವ್ಯವಸ್ಥೆ ನಿಲ್ಲಿಸಿದ್ದಾರೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲಾಂದ್ರೆ ಬರ್ಲಿನ್ ಕೋರ್ಟಿಗೆ ಹೋಗಬೇಕು.

ಕೊನೆಗೆ ಆ ಅಂಗಡಿಯೇ ಇವರ ಪತ್ರಕ್ಕೆ ಜೀವ ಕೊಟ್ಟಿತು. ಯಾಕೆ ಈ ಕೋರ್ಸ್ ಅಂತ ಒಂದೂವರೆ ಪುಟ ಬರೆಯಬೇಕಲ್ಲ, ಅದರಲ್ಲಿ ಚಿಕ್ಕಂದಿನಿಂದ ಆಸೆ ಇತ್ತು ಅನ್ನೋ ಮಾತೆಲ್ಲ ಬಿಟ್ಟು, ತೆಂಗಿನ ತೋಟದವರು ವರ್ಷ ವರ್ಷ ಬೋರ್‌ವೆಲ್‌ಗೆ ಇನ್ನೂ ಉದ್ದದ ಪೈಪು, ಇನ್ನೂ ದೊಡ್ಡ ಮೋಟರ್ ಕೇಳ್ಕೊಂಡು ಬರ್ತಿದ್ದದ್ದನ್ನ ಬರೆದರು. ತಂದೆಯ ಆಪರೇಶನ್‌ಗೆ ಎರಡೇ ಸಾಲು. ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಬರೆದರೆ ಕ್ಷಮೆ ಕೇಳಿದಂಗೆ ಕಾಣುತ್ತೆ.

ಈಗ ವಯಸ್ಸು ನಿಜವಾಗಿ ಹಿಡಿಯೋ ಜಾಗಕ್ಕೆ ಬರೋಣ. ಒಂದು, ಸ್ಕಾಲರ್‌ಶಿಪ್. ಜರ್ಮನಿಯ ಡಿಎಎಡಿ ಸಂಸ್ಥೆ ಅಭಿವೃದ್ಧಿಗೆ ಸಂಬಂಧಿಸಿದ ಮಾಸ್ಟರ್ಸ್ ಕೋರ್ಸ್‌ಗಳಿಗೆ ಸ್ಕಾಲರ್‌ಶಿಪ್ ಕೊಡುತ್ತೆ. ಎರಡು ವರ್ಷ ಕೆಲಸದ ಅನುಭವ ಇರಲೇಬೇಕು ಅಂತಾರೆ, ಓದಿದಾಗ ಇದು ನಮ್ಮಂಥವರಿಗೇ ಇಟ್ಟದ್ದು ಅನ್ನಿಸುತ್ತೆ. ಕೆಳಗೆ ಇನ್ನೊಂದು ಸಾಲಿದೆ: ಕೊನೆಯ ಡಿಗ್ರಿ ಸಾಮಾನ್ಯವಾಗಿ ಆರು ವರ್ಷಕ್ಕಿಂತ ಹಳೆಯದಾಗಿರಬಾರದು. 2013ರ ಬಿಇಗೆ ಅಲ್ಲೇ ಬಾಗಿಲು ಮುಚ್ಚಿತು. ಹುಟ್ಟಿದ ದಿನ ಕೇಳಲ್ಲ, ಡಿಗ್ರಿಯ ವರ್ಷ ಕೇಳ್ತಾರೆ, ಅಷ್ಟೇ ವ್ಯತ್ಯಾಸ.

ಎರಡನೆಯದು ಆರೋಗ್ಯ ವಿಮೆ. ಇದನ್ನ ಏಜೆಂಟ್ ಹೇಳಿರಲೇ ಇಲ್ಲ. ಅಲ್ಲಿ ವಿಮೆ ಇಲ್ಲದೆ ಓದೋಕಾಗಲ್ಲ. ಸರ್ಕಾರಿ ವ್ಯವಸ್ಥೆಯ ವಿಮೆಯಲ್ಲಿ ವಿದ್ಯಾರ್ಥಿಗಳಿಗೆ ಕಡಿಮೆ ದರ ಇದೆ, ಆದರೆ ಅದು 30 ವರ್ಷ ತುಂಬೋವರೆಗೆ ಮಾತ್ರ. ಅದು ದಾಟಿ ಭಾರತದಿಂದ ಹೊಸದಾಗಿ ಹೋಗೋರು ಸಾಮಾನ್ಯವಾಗಿ ಖಾಸಗಿ ವಿಮೆ ತಗೋಬೇಕು. ಮುಂಚೆಯೇ ಇರೋ ಬಿಪಿ, ಶುಗರ್ ಇದ್ದರೆ ಖಾಸಗಿಯವರು ಪ್ರೀಮಿಯಂ ಏರಿಸಬಹುದು, ಬೇಡ ಅನ್ನಲೂಬಹುದು. ಪ್ರವಾಸಿಗಳ ಥರದ ಅಗ್ಗದ ಪಾಲಿಸಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಆದರೆ ಅಲ್ಲಿನ ವಾಸದ ಪರವಾನಗಿ ನವೀಕರಿಸುವಾಗ ಕೆಲವು ಕಚೇರಿಗಳು ಇದು ಸಾಲದು ಅಂತ ವಾಪಸ್ ಕಳಿಸ್ತವೆ. ಓದು ಮುಗಿದು ಪೂರ್ಣ ಪ್ರಮಾಣದ ಕೆಲಸ ಸಿಕ್ಕರೆ ಸರ್ಕಾರಿ ವ್ಯವಸ್ಥೆಯೊಳಗೆ ಬರಬಹುದು. ನಡುವಿನ ಎರಡು ವರ್ಷ ಕೈಯಿಂದ ಕಟ್ಟಬೇಕು. ಇನ್ನೊಂದು ಚಿಕ್ಕ ವಿಷಯ: 30 ದಾಟಿದ್ದರೂ ಯೂನಿವರ್ಸಿಟಿಗೆ ಸೇರುವಾಗ, ಇವರಿಗೆ ವಿದ್ಯಾರ್ಥಿ ವಿಮೆ ಕಡ್ಡಾಯ ಅಲ್ಲ ಅನ್ನೋ ಸೂಚನೆ ಸರ್ಕಾರಿ ವ್ಯವಸ್ಥೆಯ ವಿಮಾ ಸಂಸ್ಥೆಯಿಂದ ಹೋಗಬೇಕು. ಅದಿಲ್ಲದೆ ಪ್ರವೇಶ ಪೂರ್ತಿ ಆಗಲ್ಲ.

ಮೂರನೆಯದು ದುಡ್ಡು. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸ್ ಇಲ್ಲ, ಆದರೆ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಫೀಸ್ ಇಲ್ಲದಿದ್ದರೂ ಒಂದು ವರ್ಷದ ಖರ್ಚಿಗೆ ಅಂತ 11,904 ಯೂರೋ ಬ್ಲಾಕ್ಡ್ ಅಕೌಂಟ್‌ನಲ್ಲಿ ಮುಂಚೆಯೇ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಬಂದ ಮೊತ್ತ ಇದು. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ 12 ಲಕ್ಷದ ಹತ್ತಿರ. ತಿಂಗಳಿಗೆ 992 ಯೂರೋ ಮಾತ್ರ ಬಿಡ್ತಾರೆ. ಇವರು ಬ್ಯಾಂಕ್ ಸಾಲಕ್ಕೆ ಹೋದರು. ಎರಡು ವರ್ಷ ಕೋರ್ಸ್, ಒಂದು ವರ್ಷ ರಿಯಾಯಿತಿ, ಆಮೇಲೆ 15 ವರ್ಷ ಕಂತು ಅಂದರೆ ಸಾಲ ತೀರೋ ಹೊತ್ತಿಗೆ ಇವರಿಗೆ 52. ಜೊತೆಗೆ ಸಹಿ ಹಾಕಬೇಕಾದ ತಂದೆಗೆ ಈಗಲೇ 66. ಮ್ಯಾನೇಜರ್ ಇವರ ವಯಸ್ಸಿನ ಬಗ್ಗೆ ಏನೂ ಅನ್ನಲಿಲ್ಲ, ತಂದೆ ವಯಸ್ಸು ನೋಡಿ ಮನೆ ಪತ್ರ ಕೇಳಿದರು.

ಜರ್ಮನಿ ಬಿಟ್ಟು ಬೇರೆ ದೇಶ ನೋಡೋರಿಗೆ ಎರಡು ಮಾತು. ಆಸ್ಟ್ರೇಲಿಯಾದಲ್ಲಿ ಓದೋಕೆ ವಯಸ್ಸು ಅಡ್ಡ ಬರದಿದ್ದರೂ, ಓದಿದ ಮೇಲೆ ಕೆಲಸಕ್ಕೆ ಉಳಿಯೋ ವೀಸಾದ ಮಿತಿಯನ್ನ 2024ರ ಜುಲೈನಿಂದ 50ರಿಂದ 35ಕ್ಕೆ ಇಳಿಸಿದ್ದಾರೆ. ಸಂಶೋಧನಾ ಪದವಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. 34ರಲ್ಲಿ ಎರಡು ವರ್ಷದ ಕೋರ್ಸ್ ಸೇರಿದರೆ ಮುಗಿಯೋ ಹೊತ್ತಿಗೆ ಗಡಿ ದಾಟಿರುತ್ತೆ. ಬ್ರಿಟನ್‌ನಲ್ಲಿ 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ಓದೋರು ಹೆಂಡತಿ, ಗಂಡ, ಮಕ್ಕಳನ್ನ ಕರೆದುಕೊಂಡು ಹೋಗೋ ಹಾಗಿಲ್ಲ. ಮಗು ಇರೋರಿಗೆ ವಯಸ್ಸಿಗಿಂತ ಇದೇ ದೊಡ್ಡ ಪೆಟ್ಟು. ಇವರು ಜರ್ಮನಿ ಆರಿಸಿಕೊಂಡಿದ್ದಕ್ಕೆ ಅದೂ ಒಂದು ಕಾರಣ. ಅಲ್ಲಿಗೆ ಸಂಸಾರ ಆಮೇಲೆ ಹೋಗಬಹುದು, ಆದರೆ ಮನೆ, ಹೆಚ್ಚಿನ ಹಣ ತೋರಿಸಬೇಕು, ಹೆಂಡತಿ ಸಾಮಾನ್ಯವಾಗಿ ಎ1 ಹಂತದ ಜರ್ಮನ್ ಪಾಸಾಗಿರಬೇಕು.

ಈಗಿನಿಂದ ಶುರು ಮಾಡೋರು ಮೊದಲು ಎಪಿಎಸ್ ಸರ್ಟಿಫಿಕೇಟ್ ನೋಡಿಕೊಳ್ಳಿ. ನಮ್ಮ ಮಾರ್ಕ್ಸ್ ಕಾರ್ಡು ಅಸಲಿಯೇ ಅಂತ ಪರಿಶೀಲಿಸಿ ಕೊಡೋ ಈ ಪತ್ರ 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಗೆ ಕಡ್ಡಾಯ, ಫೀಸು 18 ಸಾವಿರ. ಹಳೇ ಸೆಮಿಸ್ಟರ್ ಕಾರ್ಡ್ ಒಂದು ಕಳೆದಿದ್ದರೂ ವಿಟಿಯುಗೆ ಅರ್ಜಿ ಹಾಕಿ ಡೂಪ್ಲಿಕೇಟ್ ತರಿಸೋದ್ರಲ್ಲೇ ವಾರಗಟ್ಟಲೆ ಹೋಗುತ್ತೆ. ಇವರದು ಐದನೇ ಸೆಮಿಸ್ಟರ್ ಕಾರ್ಡ್ ಸಿಕ್ಕಿದ್ದು ಅಂಗಡಿ ಅಟ್ಟದ ಮೇಲೆ, 2014ರ ಬಿಲ್ ಪುಸ್ತಕದ ಮಧ್ಯೆ.

ಸಂಜೆ ನಾನು ಹೊರಡೋ ಹೊತ್ತಿಗೆ ಅವರ ಹೆಂಡತಿ ಗಲ್ಲಾ ಮೇಲೆ ಕೂತು ಫೋನಲ್ಲಿ ಜರ್ಮನ್ ಪಾಠ ಕೇಳ್ತಾ ಅರ್ಧ ಇಂಚಿನ ಎಲ್ಬೋ ಎಣಿಸುತ್ತಿದ್ದರು. ಅಂಗಡಿ ಇನ್ಮೇಲೆ ಅವರೇ ನೋಡಿಕೊಳ್ತಾರಂತೆ. ಈ ಸಲ ಜಿಎಸ್‌ಟಿಗೆ ಅವರ ಹೆಸರನ್ನೂ ಸೇರಿಸಿದ್ದಾರೆ.