ಇಡ್ಲಿ ಹಿಟ್ಟು ರಾತ್ರಿಯೆಲ್ಲ ಏನು ಮಾಡುತ್ತದೆ?

ಮೈಸೂರಿನ ನಮ್ಮ ಬೀದಿಯಲ್ಲಿ ಮನೆಯಲ್ಲೇ ಇಡ್ಲಿ ಹಿಟ್ಟು ರುಬ್ಬಿ ಮಾರುವ ಹೆಣ್ಣುಮಗಳೊಬ್ಬರಿದ್ದಾರೆ. ಏಳನೇ ಕ್ಲಾಸಿನ ಅವರ ಮಗ ಒಂದು ಸಂಜೆ ಗ್ರೈಂಡರ್ ಪಕ್ಕ ನಿಂತು, "ಅಮ್ಮ, ಬ್ರೆಡ್ಡಿಗಾದ್ರೆ ಯೀಸ್ಟ್ ಹಾಕ್ತಾರೆ. ನೀನು ಏನೂ ಹಾಕಲ್ಲ, ಇದು ಹೆಂಗೆ ಉಬ್ಬುತ್ತೆ?" ಎಂದು ಕೇಳಿದ. ಅಮ್ಮ ಬಾಯಲ್ಲಿ ಹೇಳುವ ಬದಲು, "ಮೂರು ಗಾಜಿನ ಲೋಟ ತಗೊಂಡು ಬಾ" ಎಂದರು.

ಒಂದು ಲೋಟ ಉದ್ದಿನ ಬೇಳೆಗೆ ಎರಡು ಲೋಟ ಇಡ್ಲಿ ರವೆ ಅವರ ಅಳತೆ. ನಾಲ್ಕು ಗಂಟೆ ನೆನೆದ ಬೇಳೆಗೆ ತಣ್ಣೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತ ರುಬ್ಬಿದ್ದರು. ಒಂದು ಚಿಟಿಕೆ ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಟ್ಟರು. ಅದು ತೇಲಿತು. "ಮುಳುಗಿದ್ರೆ ಇನ್ನೂ ರುಬ್ಬಬೇಕು ಅಂತ ಅರ್ಥ" ಎಂದು ಮಗನಿಗೆ ಹೇಳಿ, ತೊಳೆದು ಹಿಂಡಿದ ರವೆ ಮತ್ತು ಉಪ್ಪನ್ನು ಅದಕ್ಕೆ ಬೆರೆಸಿದರು.

ಮೊದಲ ಲೋಟಕ್ಕೆ ಈ ಹಿಟ್ಟನ್ನು ಅರ್ಧದವರೆಗೆ ತುಂಬಿದರು. ಎರಡನೆಯದಕ್ಕೆ ಉದ್ದಿಲ್ಲದೆ ಬರೀ ರವೆ, ನೀರು, ಉಪ್ಪು. ಮೂರನೆಯದಕ್ಕೆ ಮೊದಲನೆಯದರ ಹಿಟ್ಟೇ, ಆದರೆ ಅದು ಹೋದದ್ದು ಫ್ರಿಜ್ಜಿಗೆ. ಹಿಟ್ಟು ಎಲ್ಲಿಯವರೆಗಿದೆಯೋ ಅಲ್ಲಿಗೆ ಹುಡುಗ ರಬ್ಬರ್ ಬ್ಯಾಂಡ್ ಹಾಕಿದ. ಬೇಸಿಗೆಯ ದಿನಗಳು, ಅಡುಗೆಮನೆ ರಾತ್ರಿಯೂ ಬೆಚ್ಚಗಿತ್ತು.

ಬೆಳಿಗ್ಗೆ ಮೊದಲ ಲೋಟದ ಹಿಟ್ಟು ರಬ್ಬರ್ ಬ್ಯಾಂಡ್ ದಾಟಿ ಅಂಚಿನ ಹತ್ತಿರ ಬಂದಿತ್ತು. ಗಾಜಿನ ಗೋಡೆಯುದ್ದಕ್ಕೂ ಸಣ್ಣ ಗುಳ್ಳೆಗಳು, ಮೇಲೆ ಸ್ವಲ್ಪ ಗುಮ್ಮಟದಂತೆ ಉಬ್ಬು, ಮೂಗಿಗೆ ಹಿತವಾದ ಹುಳಿ ವಾಸನೆ. ಎರಡನೆಯದರಲ್ಲಿ ರವೆ ತಳ ಹಿಡಿದು, ಮೇಲೆ ನೀರು ನಿಂತಿತ್ತು. ಫ್ರಿಜ್ಜಿನ ಲೋಟ ಇಟ್ಟ ಹಾಗೇ ಇತ್ತು.

"ರವೇಲೂ ಒಂದೆರಡು ಗುಳ್ಳೆ ಇದೆಯಲ್ಲಮ್ಮ!" ಎಂದ ಹುಡುಗ. ಗಮನಿಸಬೇಕಾದದ್ದನ್ನೇ ಗಮನಿಸಿದ್ದ.

ಅವನು ಕೇಳಿದ್ದಕ್ಕೆ ಉತ್ತರ ಎರಡು ಭಾಗದ್ದು. ಹಿಟ್ಟಿಗೆ ಹೊರಗಿನಿಂದ ಏನನ್ನೂ ಸೇರಿಸಬೇಕಿಲ್ಲ. ಬೇಕಾದ ಬ್ಯಾಕ್ಟೀರಿಯಾ ಬೇಳೆ, ಅಕ್ಕಿಯ ಮೇಲೇ ಇರುತ್ತವೆ, ಅದರಲ್ಲೂ ಉದ್ದಿನಲ್ಲಿ ಹೆಚ್ಚು. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಪಾತ್ರ ದೊಡ್ಡದು ಎಂದು 1965ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಿಟ್ಟಿನ ಸಕ್ಕರೆ ಅಂಶವನ್ನು ತಿಂದು ಅದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು.

ಆದರೆ ಅನಿಲ ಹುಟ್ಟಿದರೆ ಸಾಲದು, ಹಿಟ್ಟಿನೊಳಗೇ ನಿಲ್ಲಬೇಕು. ಬ್ರೆಡ್ಡಿನಲ್ಲಿ ಆ ಕೆಲಸ ಗೋಧಿಯ ಅಂಟಿನದು. ಅಕ್ಕಿಗೆ ಅಂಥ ಅಂಟಿಲ್ಲ, ಹಾಗಾಗಿ ರವೆಯ ಲೋಟದಲ್ಲಿ ಹುಟ್ಟಿದ ಅಷ್ಟಿಷ್ಟು ಅನಿಲವೂ ಮೇಲೆ ಬಂದು ಹೋಯಿತು. ಇಡ್ಲಿಯಲ್ಲಿ ಅದನ್ನು ಹಿಡಿದಿಡುವುದು ಉದ್ದು. ಅದರ ಪ್ರೋಟೀನು ನೊರೆ ಕಟ್ಟುತ್ತದೆ, ಅದರ ಲೋಳೆ ಆ ನೊರೆ ಒಡೆಯದಂತೆ ಕಾಯುತ್ತದೆ. ಆ ಲೋಳೆ ಪದಾರ್ಥವನ್ನು 1970ರ ದಶಕದಲ್ಲಿ ಬೇರ್ಪಡಿಸಿ ಪರೀಕ್ಷಿಸಿದವರು ಮೈಸೂರಿನದೇ ಸಿಎಫ್‌ಟಿಆರ್‌ಐ ವಿಜ್ಞಾನಿಗಳು. ತೇಲುವ ಚಿಟಿಕೆ ಹಿಟ್ಟು ಹೇಳುವುದೂ ಇದನ್ನೇ: ಉದ್ದು ಗಾಳಿ ಹಿಡಿದಿದೆ. ಮಿಕ್ಸಿಯಲ್ಲಿ ರುಬ್ಬುವವರು ತಣ್ಣೀರು ಹಾಕಿ, ನಡುನಡುವೆ ನಿಲ್ಲಿಸಬೇಕು. ಜಾರು ಬಿಸಿಯಾದರೆ ಹಿಟ್ಟು ಅಷ್ಟು ಹಗುರವಾಗುವುದಿಲ್ಲ.

ಫ್ರಿಜ್ಜಿನ ಲೋಟವನ್ನು ಅಮ್ಮ ಹೊರಗಿಡಿಸಿದರು. ಸಂಜೆಯ ಹೊತ್ತಿಗೆ ಅದೂ ಉಬ್ಬಿತು. ಚಳಿಗೆ ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಕೆಲಸ ನಿಧಾನಿಸಿದ್ದವು ಅಷ್ಟೆ. ಉಬ್ಬಿದ ಹಿಟ್ಟನ್ನು ಕೊಂಡವರಿಗೆ "ಫ್ರಿಜ್ಜಲ್ಲಿಡಿ" ಎಂದು ಅವರು ಹೇಳುವುದು ಇದಕ್ಕೇ.

ಮೊದಲ ಲೋಟವನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಮಧ್ಯಾಹ್ನ ಮೂರಕ್ಕೆ ನೋಡಿದರೆ ಉಬ್ಬು ನಡುವೆ ಕುಸಿದು, ವಾಸನೆ ಖಾರವಾಗಿತ್ತು. ಹುದುಗು ಮುಂದುವರಿದಂತೆ ಹುಳಿಯನ್ನು ತಡೆದುಕೊಳ್ಳುವ ಬೇರೆ ಬ್ಯಾಕ್ಟೀರಿಯಾ ಮೇಲುಗೈ ಪಡೆದು ಆಮ್ಲ ಕೂಡಿಸುತ್ತಲೇ ಹೋಗುತ್ತವೆ, ಗುಳ್ಳೆಗಳು ಒಡೆಯುತ್ತವೆ. ಆ ಹಿಟ್ಟಿನಲ್ಲಿ ಬೇಯಿಸಿದ ಇಡ್ಲಿ ಚಪ್ಪಟೆಯಾಗಿ, ಹುಡುಗ ಮುಖ ಹಿಂಡುವಷ್ಟು ಹುಳಿಯಾಗಿತ್ತು. "ಇದು ದೋಸೆಗೆ ಸರಿ ಕಣೋ, ಇಡ್ಲಿಗಲ್ಲ" ಎಂದರು ಅಮ್ಮ.

ಒಲೆಯ ಮೇಲಿಡುವ ಮುನ್ನ ಹಿಟ್ಟನ್ನು ಬಲವಾಗಿ ಕಲಕಬೇಡಿ. ರಾತ್ರಿಯಿಡೀ ಕೂಡಿದ ಗಾಳಿ ಸೌಟಿನ ನಾಲ್ಕು ಸುತ್ತಿಗೆ ಹೋಗುತ್ತದೆ. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಬಣ್ಣದ ಬೂಷ್ಟು ಕಂಡರೆ ಮೇಲಿನ ಪದರ ಮಾತ್ರವಲ್ಲ, ಅಷ್ಟನ್ನೂ ಚೆಲ್ಲಿ. ಚಳಿಗಾಲದಲ್ಲಿ ಬೆಳಿಗ್ಗೆ ಹಿಟ್ಟು ಏಳದಿದ್ದರೆ ಸೋಡಾ ಡಬ್ಬಕ್ಕೆ ಕೈ ಹಾಕುವ ಮುಂಚೆ ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಇನ್ನೂ ನಾಲ್ಕೈದು ಗಂಟೆ ಬಿಟ್ಟು ನೋಡಿ. ಸೋಡಾ ಉಬ್ಬು ಕೊಡುತ್ತದೆ, ಹುದುಗಿನ ಹುಳಿರುಚಿ ಕೊಡುವುದಿಲ್ಲ.