ಗೆರೆ ಇಳಿದರೆ ಸಾಲದು

ಬ್ಯಾಂಕಿನ ಮೊಬೈಲ್ ಆ್ಯಪ್‌ನ ಹೊಸ ಆವೃತ್ತಿ ಬಿಡುಗಡೆಯಾದ ಕೆಲವು ದಿನಗಳಿಗೆ ಟೆಸ್ಟಿಂಗ್ ತಂಡದಿಂದ ಮೇಲಿನವರಿಗೆ ಒಂದು ವರದಿ ಹೋಗುತ್ತದೆ. ಅದನ್ನು ಓದುವವರು ಕೋಡ್ ಬರೆಯುವವರಲ್ಲ. ಠೇವಣಿ, ಸಾಲ, ಗ್ರಾಹಕ ಸೇವೆ ನೋಡಿಕೊಳ್ಳುವವರು. ಅವರ ಕಣ್ಣು ಮೊದಲು ಗ್ರಾಫಿನ ಮೇಲೆ ಬೀಳುತ್ತದೆ. ವಾರದಿಂದ ವಾರಕ್ಕೆ ದೋಷಗಳ ಗೆರೆ ಇಳಿದಿದ್ದರೆ, ಸದ್ಯ, ಎಲ್ಲ ಹತೋಟಿಗೆ ಬಂತು ಎಂದು ಪುಟ ತಿರುಗಿಸುತ್ತಾರೆ.

ಒಂದು ಕಲ್ಪಿತ ಲೆಕ್ಕ ನೋಡಿ. ಟೆಸ್ಟಿಂಗ್ ನಡೆದ ನಾಲ್ಕು ವಾರಗಳಲ್ಲಿ ಸಿಕ್ಕ ಹೊಸ ದೋಷಗಳು ಕ್ರಮವಾಗಿ 42, 38, 21, 9. ನೋಡಲು ಚೆಂದ. ಆದರೆ ಅದೇ ವಾರಗಳಲ್ಲಿ ನಡೆಸಿದ ಪರೀಕ್ಷೆಗಳು 600, 550, 280, 110. ಮೊದಲ ವಾರ ನೂರು ಪರೀಕ್ಷೆಗೆ ಏಳು ದೋಷ ಸಿಕ್ಕಿದ್ದರೆ ಕೊನೆಯ ವಾರ ಎಂಟು ಸಿಕ್ಕಿವೆ. ದೋಷ ಕಡಿಮೆಯಾಗಿಲ್ಲ, ಹುಡುಕುವ ಕೆಲಸ ಕಡಿಮೆಯಾಗಿದೆ. ಬಿಡುಗಡೆಯ ದಿನ ಹತ್ತಿರವಾದಂತೆ ಇದು ಸಾಮಾನ್ಯವಾಗಿ ಆಗುವಂಥದ್ದೇ: ತಂಡದ ಅರ್ಧ ಜನ ಹಳೆಯ ದೋಷಗಳ ದುರಸ್ತಿ ಸರಿಯಾಗಿದೆಯೇ ಎಂದು ನೋಡುವುದರಲ್ಲೇ ಮುಳುಗಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಗೆರೆಯನ್ನಷ್ಟೇ ತೋರಿಸಿ ಇನ್ನೊಂದನ್ನು ಬಿಟ್ಟರೆ, ಬರೆದ ಅಂಕಿ ಎಲ್ಲವೂ ನಿಜವಾಗಿದ್ದೂ ವರದಿ ದಾರಿ ತಪ್ಪಿಸುತ್ತದೆ.

ಗೆರೆ ಇಳಿಸಲು ಇನ್ನೊಂದು ಉಪಾಯವೂ ಉಂಟು. ‘ಗಂಭೀರ’ ಎಂದು ದಾಖಲಾದ ದೋಷವನ್ನು ಬಿಡುಗಡೆಯ ಹಿಂದಿನ ಸಭೆಯಲ್ಲಿ ‘ಮಧ್ಯಮ’ ಮಾಡಿಬಿಡುವುದು. ಗಂಭೀರ ದೋಷ ಸೊನ್ನೆ ಎಂದು ವರದಿ ಹೇಳಿದರೆ, ಹಾಗೆ ಕೆಳಗಿಳಿಸಿದ್ದು ಎಷ್ಟು ಎಂದು ಕೇಳಲೇಬೇಕು.

ಬಿಡುಗಡೆಯ ನಂತರದ ವರದಿಗೆ ಮೊದಲಿನ ವರದಿಗಳಿಗಿಲ್ಲದ ಒಂದು ಅನುಕೂಲವಿದೆ: ಗ್ರಾಹಕರೇ ಕಂಡುಹಿಡಿದ ದೋಷಗಳು ಈಗ ಕೈಯಲ್ಲಿವೆ. ಮೇಲಿನ ಲೆಕ್ಕದಲ್ಲಿ ಟೆಸ್ಟಿಂಗ್‌ನಲ್ಲಿ ಸಿಕ್ಕಿದ್ದು ಒಟ್ಟು 110. ಗ್ರಾಹಕರಿಂದ 12 ಬಂದವು ಎನ್ನೋಣ. ಹೆಚ್ಚುಕಡಿಮೆ ಹತ್ತರಲ್ಲಿ ಒಂದು ನುಸುಳಿಹೋಗಿದೆ. ಆ ಪ್ರಮಾಣಕ್ಕಿಂತ ಅವು ಎಲ್ಲಿಂದ ಬಂದವು ಎಂಬುದು ಮುಖ್ಯ. ಹನ್ನೆರಡರಲ್ಲಿ ಎಂಟು, ಪ್ರತಿ ತಿಂಗಳು ಖಾತೆಯಿಂದ ತಾನಾಗಿ ಕಟ್ ಆಗುವ ಕಂತುಗಳಿಗೆ ಸೇರಿವೆ. ಸಮಯ ಸಾಲದೆಂದು ಟೆಸ್ಟಿಂಗ್ ಕೈಬಿಟ್ಟದ್ದೂ ಅದೇ ಭಾಗವನ್ನು. ಹಾಗಿದ್ದರೆ ಉಳಿದ ಅಪಾಯ ಅಲ್ಲೇ ಇದೆ.

ಹೀಗೆ ಉಳಿದುಹೋದ ಅಪಾಯವನ್ನು ಬರೆಯುವ ಜಾಗದಲ್ಲೇ ವರದಿಗಳು ಸೋಲುವುದು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು, ಹಿಂದಿನ ಒಡೆಯ ಲಾಯ್ಡ್ಸ್‌ನ ವ್ಯವಸ್ಥೆಯಿಂದ ಹೊಸ ಒಡೆಯ ಸಬಾಡೆಲ್ ಕಟ್ಟಿಸಿದ ವ್ಯವಸ್ಥೆಗೆ ಒಂದೇ ವಾರಾಂತ್ಯದಲ್ಲಿ ಸಾಗಿಸಿತು. ಖಾತೆಗಳ ಮಾಹಿತಿ ಸುರಕ್ಷಿತವಾಗಿಯೇ ದಾಟಿತು. ಆದರೆ ಲಕ್ಷಾಂತರ ಜನರಿಗೆ ಲಾಗಿನ್ ಆಗಲಿಲ್ಲ, ಶಾಖೆಗಳಲ್ಲೂ ಪರದಾಟ. ಎಲ್ಲ ಮಾಮೂಲಿಗೆ ಬರಲು ವರ್ಷದ ಕೊನೆಯಾಯಿತು. ನಿಯಂತ್ರಕ ಸಂಸ್ಥೆಗಳು 2022ರ ಡಿಸೆಂಬರ್‌ನಲ್ಲಿ 4.8 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿದವು.

ಬ್ಯಾಂಕಿನ ಮಂಡಳಿಯೇ ನೇಮಿಸಿದ ಸ್ಲಾಟರ್ ಆ್ಯಂಡ್ ಮೇ ಎಂಬ ಕಾನೂನು ಸಂಸ್ಥೆಯ ತನಿಖಾ ವರದಿ 2019ರಲ್ಲಿ ಹೊರಬಂತು. ಅದರಲ್ಲೊಂದು ಸಂಗತಿ ಎದ್ದು ಕಾಣುತ್ತದೆ. ಹೊಸ ವ್ಯವಸ್ಥೆ ಎರಡು ಡೇಟಾ ಸೆಂಟರ್‌ಗಳಲ್ಲಿ ಏಕಕಾಲಕ್ಕೆ ನಡೆಯಬೇಕಿತ್ತು. ಭಾರ ಹೊರುವ ಪರೀಕ್ಷೆ ನಡೆದದ್ದು ಮಾತ್ರ ಒಂದರಲ್ಲಿ. ಎರಡೂ ಒಂದೇ ರೀತಿ ಇವೆ, ಒಂದು ಪಾಸಾದರೆ ಇನ್ನೊಂದೂ ಪಾಸು ಎಂಬ ಎಣಿಕೆ. ಅವೆರಡರ ಸೆಟ್ಟಿಂಗ್ ಒಂದೇ ಆಗಿರಲಿಲ್ಲ.

ಇಲ್ಲಿ ‘ಭಾರದ ಪರೀಕ್ಷೆ ಪೂರ್ಣ’ ಎಂಬ ಸಾಲು ಬಿಸಿನೆಸ್‌ನವರಿಗೆ ಏನನ್ನೂ ತಿಳಿಸುವುದಿಲ್ಲ. ಬರೆಯಬೇಕಾದದ್ದು ಹೀಗೆ: ‘ಎರಡನೇ ಡೇಟಾ ಸೆಂಟರ್‌ನಲ್ಲಿ ಪರೀಕ್ಷೆ ನಡೆದಿಲ್ಲ. ಅದು ಎಡವಿದರೆ ಅಲ್ಲಿಗೆ ಹೋಗುವ ಗ್ರಾಹಕರಿಗೆಲ್ಲ ಲಾಗಿನ್ ಆಗದಿರಬಹುದು. ಎರಡೂ ಸೆಂಟರ್‌ಗಳನ್ನು ಒಟ್ಟಿಗೆ ಪರೀಕ್ಷಿಸಲು ಇಷ್ಟು ದಿನ ಬೇಕು. ಪರೀಕ್ಷಿಸದೆ ಮುಂದುವರಿಯುವುದಾದರೆ ಒಪ್ಪಿಗೆ ಕೊಡುವವರು ಯಾರು?’ ಡೇಟಾ ಸೆಂಟರ್ ಎಂದರೇನೆಂದು ಗೊತ್ತಿಲ್ಲದ ನಿರ್ದೇಶಕರೂ ಇದನ್ನು ಓದಿ ತೀರ್ಮಾನ ಮಾಡಬಲ್ಲರು.

ಕೆಂಪು, ಹಳದಿ, ಹಸಿರು ಚುಕ್ಕಿಗಳಿಂದ ತುಂಬಿದ ಪುಟಕ್ಕಿಂತ ಇಂಥ ನಾಲ್ಕು ವಾಕ್ಯ ನನಗೆ ಮೇಲು. ಹಳದಿ ಎಂದರೆ ಪರವಾಗಿಲ್ಲ ಎಂದು ಒಬ್ಬರು, ತಡೆಯಿರಿ ಎಂದು ಇನ್ನೊಬ್ಬರು ಅರ್ಥ ಮಾಡಿಕೊಳ್ಳುತ್ತಾರೆ. ಒಪ್ಪಿಗೆಯ ಜಾಗದಲ್ಲಿ ಟೆಸ್ಟಿಂಗ್ ಮುಖ್ಯಸ್ಥರ ಸಹಿ ಮಾತ್ರ ಇದ್ದರೂ ಪ್ರಯೋಜನವಿಲ್ಲ. ಅಪಾಯ ಇದೆ ಎಂದು ತಿಳಿಸುವುದು ಅವರ ಕೆಲಸ. ಅದನ್ನು ಹೊತ್ತುಕೊಳ್ಳುವುದೋ ಬೇಡವೋ ಎಂಬುದನ್ನು ಆ ಸೇವೆಯ ಹೊಣೆ ಹೊತ್ತ ಬಿಸಿನೆಸ್ ಅಧಿಕಾರಿಯೇ ಹೆಸರು, ತಾರೀಖು ಸಮೇತ ಬರೆದುಕೊಡಬೇಕು.